ಸಹಾಯ ಬೇಕು: ನನ್ನ ಲಿಂಕ್ಡ್‌ಇನ್ ಹೆಡ್‌ಲೈನ್ ಒಂದ್ಸಲ ನೋಡಿ ಹೇಳ್ತೀರಾ?

ಎಲ್ಲರಿಗೂ ನಮಸ್ಕಾರ. ನಾನು ವಿಜಯನಗರದಲ್ಲಿರೋದು, ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ 6 ವರ್ಷ ಆಯ್ತು. ಬರೋ ಗುರುವಾರ ಮಾರತ್ತಹಳ್ಳಿ ಕಡೆ ಇಂಟರ್‌ವ್ಯೂ ಇದೆ.

ಹೋದ ವಾರ ಇನ್ನೊಂದು ಕಡೆ ಕೂತ ತಕ್ಷಣ ಕೇಳಿದ್ದು, "ನೀವು ಮ್ಯಾನುಯಲ್ ಟೆಸ್ಟರ್ ಅಲ್ವಾ?" ರೆಸ್ಯೂಮೆಯಲ್ಲಿ ಆಟೊಮೇಷನ್ ಅಂತಿದೆ. ಲಿಂಕ್ಡ್‌ಇನ್‌ನಲ್ಲಿ ಮಾತ್ರ ಮೊದಲ ಕೆಲಸದ ಹುದ್ದೆಯ ಹೆಸರೇ ಹಾಗೇ ಉಳಿದುಬಿಟ್ಟಿತ್ತು. ಅದಕ್ಕೆ ಸಮಜಾಯಿಷಿ ಕೊಡೋದ್ರಲ್ಲೇ ಅರ್ಧ ಹೊತ್ತು ಹೋಯ್ತು.

ಈಗ ಎರಡೂ ಕಡೆ ಒಂದೇ ಸಾಲು ಹಾಕಿದ್ದೀನಿ: "ಟೆಸ್ಟ್ ಆಟೊಮೇಷನ್ ಎಂಜಿನಿಯರ್ | ಸೆಲೆನಿಯಮ್, ಜಾವಾ | ಬ್ಯಾಂಕಿಂಗ್ ಆ್ಯಪ್‌ಗಳು". ಲಿಂಕ್ಡ್‌ಇನ್‌ನಲ್ಲಿ 220 ಅಕ್ಷರದವರೆಗೆ ಜಾಗ ಇದೆ, ಆದ್ರೆ ಮೊಬೈಲಿನಲ್ಲಿ ಹುಡುಕಿದಾಗ ಉದ್ದದ ಸಾಲು ಮಧ್ಯಕ್ಕೇ ಕತ್ತರಿಸಿಹೋಗುತ್ತೆ. ಅದಕ್ಕೇ ಹುದ್ದೆ ಮೊದಲು. "ಪ್ಯಾಷನೇಟ್" ಅಂತ ಇದ್ದದ್ದನ್ನ ನಾಚಿಕೆಯಾಗಿ ತೆಗೆದೆ.

ಗೊಂದಲ ಇಷ್ಟೇ. ಆಫರ್ ಲೆಟರ್‌ನಲ್ಲಿ ನನ್ನ ಹುದ್ದೆ ಬರೀ "ಟೆಸ್ಟ್ ಎಂಜಿನಿಯರ್". ಬ್ಯಾಕ್‌ಗ್ರೌಂಡ್ ಚೆಕ್‌ನಲ್ಲಿ ತಾಳೆಯಾಗ್ಬೇಕಲ್ಲ, ಹಾಗಾಗಿ ಅನುಭವದ ಭಾಗದಲ್ಲಿ ಅದನ್ನೇ ಇಟ್ಟಿದ್ದೀನಿ. ಆಟೊಮೇಷನ್ ಮಾಡ್ತಿರೋದು ಕಳೆದ 2 ವರ್ಷದಿಂದ. ಹೆಡ್‌ಲೈನ್‌ನಲ್ಲಿ ಹಾಗೆ ಹಾಕ್ಕೊಂಡ್ರೆ ಉಬ್ಬಿಸಿದ ಹಾಗೆ ಕಾಣುತ್ತಾ? ಇಂಟರ್‌ವ್ಯೂ ತಗೊಳ್ಳೋರು ಯಾರಾದ್ರೂ ಇದ್ರೆ ಬುಧವಾರದೊಳಗೆ ಹೇಳಿ ಪ್ಲೀಸ್.