ಪದಚರ್ಚೆ: ಪರ್ಷಿಯನ್ ವ್ಯವಹಾರ ಪತ್ರದ ‘ದಸ್ತೂರ್ ಫರ್ಮಾಯೀದ್’ ಇಂಗ್ಲಿಷಿನಲ್ಲಿ ಏನಾಗಬೇಕು?

ಬೆಂಗಳೂರಿನಿಂದ

ಎಲ್ಲರಿಗೂ ನಮಸ್ಕಾರ. ಇಸ್ಫಹಾನಿನ ಒಂದು ಕಂಪನಿ ಇಲ್ಲಿನ ಬಿಡಿಭಾಗ ತಯಾರಕರಿಗೆ ಬರೆದ ಪತ್ರವನ್ನು ಇಂಗ್ಲಿಷಿಗೆ ಮಾಡಿಕೊಡುತ್ತಿದ್ದೇನೆ. ನಡುವಿನ ವಿಷಯ ಸುಲಭ. ಮೊದಲೂ ಕೊನೆಯೂ ಮಾತ್ರ ಒದ್ದಾಡಿಸುತ್ತಿವೆ.

ಪತ್ರದ ತಲೆಯಲ್ಲಿ ‘ಬೆಸ್ಮೆಹಿ ತಆಲಾ’ ಎಂದಿದೆ. ಆಮೇಲೆ ‘ಜನಾಬ್-ಎ ಆಗಾ-ಯೆ ಮೊಹಂದೆಸ್’ ಎಂದು ಹೆಸರು. ಕೆಳಗೆ ‘ಬಾ ಸಲಾಮ್ ವ ಎಹ್ತೆರಾಮ್’. ಮೊದಲ ವಾಕ್ಯ ಹೀಗೆ ಶುರುವಾಗುತ್ತದೆ: ‘ಬಾಜ್‌ಗಶ್ತ್ ಬೆ ನಾಮೆ-ಯೆ ಶೊಮಾರೆ-ಯೆ 118 ಮೊವರ್ರಖ್-ಎ 1403/02/15, ಬೆ ಎಸ್ತೆಹ್ಜಾರ್ ಮೀರೆಸಾನದ್...’ ಕೊನೆಯಲ್ಲಿ ‘ಖಾಹೆಶ್ಮಂದ್ ಅಸ್ತ್ ದಸ್ತೂರ್ ಫರ್ಮಾಯೀದ್ ಗೊವಾಹಿ-ಯೆ ಮಬ್ದಾ ಎರ್ಸಾಲ್ ಗರ್ದದ್’. ಮುಗಿಸುವುದು ‘ಬಾ ತಗ್‌ದೀಮ್-ಎ ಎಹ್ತೆರಾಮ್’ ಎಂದು.

ನನ್ನ ಮುಖ್ಯ ಪ್ರಶ್ನೆ ಆ ‘ದಸ್ತೂರ್’ ಬಗ್ಗೆ. ನಿಘಂಟು ‘ಆರ್ಡರ್’ ಎನ್ನುತ್ತದೆ. ಮೂಲಸ್ಥಳದ ಪ್ರಮಾಣಪತ್ರಕ್ಕೆ ಆರ್ಡರ್ ಕೊಡಿ ಅಂತ ಅವರು ಕೇಳುತ್ತಿದ್ದಾರಾ? ಇನ್ನೊಂದು, ‘ಮೀರೆಸಾನದ್’ ಪ್ರಥಮ ಪುರುಷ ಏಕವಚನ. ತಲುಪಿಸುವವರು ಯಾರು?

ದುಬೈಯಿಂದ

ಇಲ್ಲಿ ಇರಾನಿ ವ್ಯಾಪಾರಿಗಳ ಜೊತೆ ದಿನಾ ಕೆಲಸ. ‘ಜನಾಬ್’ ಅಂದ್ರೆ ‘ಎಕ್ಸಲೆನ್ಸಿ’. ‘ಹಿಸ್ ಎಕ್ಸಲೆನ್ಸಿ’ ಅಂತಲೇ ಹಾಕಿ, ಮರ್ಯಾದೆ ಉಳಿಯುತ್ತದೆ. ‘ಮೊಹಂದೆಸ್’ ಅಂದ್ರೆ ಎಂಜಿನಿಯರ್. ಇಲ್ಲಿ ಹೆಸರಿನ ಮುಂದೆ ‘ಎಂಜಿನಿಯರ್’ ಅಂತ ಇಂಗ್ಲಿಷಿನಲ್ಲೂ ಬರೆಯುತ್ತಾರೆ, ಯಾರಿಗೂ ವಿಚಿತ್ರ ಅನ್ನಿಸಲ್ಲ. ‘ದಸ್ತೂರ್’ ಆರ್ಡರೇ. ಕೆಳಗಿನವರಿಗೆ ಆರ್ಡರ್ ಮಾಡಿ ಅಂತ.

ಮೈಸೂರಿನಿಂದ

ದುಬೈಯವರು ಕೊನೆಗೆ ಹೇಳಿದ್ದು ಸರಿ, ಆದರೆ ಆ ಪದವನ್ನು ಹಾಗೇ ಇಟ್ಟರೆ ಕೆಲಸ ಕೆಡುತ್ತದೆ. ಇರಾನಿನ ಕಚೇರಿ ಪತ್ರ ಹೋಗುವುದು ಮುಖ್ಯಸ್ಥರ ಹೆಸರಿಗೆ. ಪ್ರಮಾಣಪತ್ರವನ್ನು ಅವರೇ ಲಕೋಟೆಗೆ ಹಾಕಿ ಕಳಿಸುತ್ತಾರಾ? ಇಲ್ಲ ಅಲ್ವಾ. ಅದಕ್ಕೇ ‘ಕಳಿಸಿ’ ಅನ್ನದೆ, ‘ಕಳಿಸುವಂತೆ ಅಪ್ಪಣೆ ಕೊಡಿಸಿ’ ಎನ್ನುವುದು ಮರ್ಯಾದೆ. ಇಂಗ್ಲಿಷಿನಲ್ಲಿ ಆ ಮರ್ಯಾದೆಯ ಜಾಗದಲ್ಲಿ ಕೂರುವುದು ‘ಅರೇಂಜ್’. ‘ವಿ ವುಡ್ ಬಿ ಗ್ರೇಟ್‌ಫುಲ್ ಇಫ್ ಯು ವುಡ್ ಅರೇಂಜ್ ಫಾರ್ ದಿ ಸರ್ಟಿಫಿಕೇಟ್ ಆಫ್ ಒರಿಜಿನ್ ಟು ಬಿ ಸೆಂಟ್’ ಎಂದರೆ ಸಾಕು. ‘ಪ್ಲೀಸ್ ಆರ್ಡರ್’ ಎಂದು ಬರೆದರೆ ಓದುವ ಖರೀದಿ ವಿಭಾಗದವರು ಪರ್ಚೇಸ್ ಆರ್ಡರ್ ಅಂದುಕೊಳ್ಳುತ್ತಾರೆ. ವ್ಯಾಪಾರದ ಇಂಗ್ಲಿಷಿನಲ್ಲಿ ಆ ಪದಕ್ಕೆ ಆಗಲೇ ಬೇರೆ ಕೆಲಸ ಇದೆ.

‘ಮೀರೆಸಾನದ್’ ನೋಡಿ ಗಾಬರಿ ಬೇಡ. ನಮ್ಮ ಸರ್ಕಾರಿ ಪತ್ರಗಳ ‘ತಮ್ಮ ಗಮನಕ್ಕೆ ತರಲಾಗಿದೆ’ ಇದ್ದ ಹಾಗೆ. ಬರೆಯುವವರು ‘ನಾನು’ ಅನ್ನದೆ ಹಿಂದೆ ನಿಲ್ಲುತ್ತಾರೆ. ಕಂಪನಿ ಪತ್ರವಾದರೆ ಇಂಗ್ಲಿಷಿನಲ್ಲಿ ‘ವಿ’ ಹಾಕಿ. ಸುಮ್ನೆ ‘ಇಟ್’ ಅಥವಾ ‘ಹೀ’ ಹಾಕಿದರೆ ಇನ್ಯಾರೋ ಮೂರನೆಯವರು ಸುದ್ದಿ ತಂದಂತೆ ಕಾಣುತ್ತದೆ.

‘ಎಕ್ಸಲೆನ್ಸಿ’ ಮಾತ್ರ ಬೇಡವೇ ಬೇಡ. ಇಂಗ್ಲಿಷಿನಲ್ಲಿ ಅದು ರಾಯಭಾರಿಗಳಂಥ ದೊಡ್ಡ ಹುದ್ದೆಯವರಿಗೆ. ರಾಯಭಾರಿಗೆ ಬರೆದ ಪತ್ರದಲ್ಲಿ ಹಾಕುವುದೂ ಅವರ ಹುದ್ದೆಗಾಗಿ, ‘ಜನಾಬ್’ ಇದೆ ಅಂತಲ್ಲ. ಬಿಡಿಭಾಗ ಕಂಪನಿಯ ನಿರ್ದೇಶಕರಿಗೆ ‘ಡಿಯರ್ ಮಿಸ್ಟರ್’ ಸಾಕು. ‘ಬಾ ಸಲಾಮ್ ವ ಎಹ್ತೆರಾಮ್’ ಕೂಡ ಆ ‘ಡಿಯರ್’ ಒಳಗೇ ಸೇರಿಹೋಗುತ್ತದೆ. ಅದನ್ನು ‘ವಿತ್ ಗ್ರೀಟಿಂಗ್ಸ್ ಅಂಡ್ ರೆಸ್ಪೆಕ್ಟ್’ ಎಂದು ಬೇರೆ ಸಾಲು ಮಾಡುವುದು ಬೇಡ.

ಕಲಬುರಗಿಯಿಂದ

ನಮ್ಮ ಕಡೆಯವರಿಗೆ ಈ ಪದಗಳು ಕಿವಿಗೆ ಹೊಸತಲ್ಲ. ಪರ್ಷಿಯನ್ ಪತ್ರದಲ್ಲಿ ‘ಬೆ ಅರ್ಜ್ ಮೀರೆಸಾನದ್’ ಅಂತಲೂ ಬರುತ್ತದೆ, ನಮ್ಮ ‘ಅರ್ಜಿ’ಯ ಅದೇ ಅರ್ಜ್. ‘ಅರ್ಜ್’, ‘ಎಸ್ತೆಹ್ಜಾರ್’, ‘ಎತ್ತೆಲಾ’ ಮೂರೂ ಒಂದೇ ಅಲ್ವಾ?

ಮೈಸೂರಿನಿಂದ

ಹೇಳುವ ವಿಷಯ ಒಂದೇ, ನಿಲ್ಲುವ ಎತ್ತರ ಬೇರೆ. ‘ಅರ್ಜ್’ ಮೇಲಿನವರಿಗೆ. ‘ಎಸ್ತೆಹ್ಜಾರ್’ ಗೌರವ ಕೊಡಬೇಕಾದ ಹೊರಗಿನವರಿಗೆ, ಹಿರಿಯರಿಗೆ. ‘ಎತ್ತೆಲಾ’ ಸಮಾನರಿಗೆ, ಕೆಳಗಿನವರಿಗೆ, ಸಾರ್ವಜನಿಕರಿಗೆ. ಇಂಗ್ಲಿಷಿನಲ್ಲಿ ಮೂರಕ್ಕೂ ಹೆಚ್ಚುಕಡಿಮೆ ‘ವಿ ವಿಶ್ ಟು ಇನ್ಫಾರ್ಮ್ ಯು’ ಅಂತಲೇ ಆಗುತ್ತದೆ. ಈ ನಷ್ಟವನ್ನು ನಾನು ಒಪ್ಪಿಕೊಳ್ಳುತ್ತೇನೆ.

ಒಪ್ಪಿಕೊಳ್ಳಲಾಗದ್ದು ‘ಬಾಜ್‌ಗಶ್ತ್’. ಇದನ್ನು ಜಾಸ್ತಿ ಜನ ಮರ್ಯಾದೆ ಮಾತು ಅಂತ ತಿಳಿದು ಹೇಗೋ ದಾಟಿಸುತ್ತಾರೆ. ಇದು ಮಾಹಿತಿ. ‘ಬಾಜ್‌ಗಶ್ತ್ ಬೆ’ ಅಥವಾ ‘ಅತ್ಫ್ ಬೆ’ ಎಂದರೆ ನೀವು ಬರೆದ ಪತ್ರಕ್ಕೆ ಇದು ಉತ್ತರ. ‘ಪೇರೋವ್-ಎ’ ಎಂದಿದ್ದರೆ ಹಿಂದಿನ ಪತ್ರ ಬರೆದವರು ಅವರೇ, ಇದು ಅದರ ಮುಂದುವರಿಕೆ. ಮೊದಲನೆಯದಕ್ಕೆ ‘ಇನ್ ರಿಪ್ಲೈ ಟು ಯುವರ್ ಲೆಟರ್’, ಎರಡನೆಯದಕ್ಕೆ ‘ಫರ್ದರ್ ಟು ಅವರ್ ಲೆಟರ್’. ಮೂಲದಲ್ಲಿ ‘ನಿಮ್ಮ’, ‘ನಮ್ಮ’ ಎಂದು ಬರೆಯದೇ ಇರಬಹುದು, ನಿಮ್ಮ ಪತ್ರದಲ್ಲೂ ಇಲ್ಲ. ಆ ಒಂದು ಪದವೇ ಹೇಳುತ್ತದೆ. ತಪ್ಪಾದರೆ 118ನೇ ಪತ್ರವನ್ನು ಬೆಂಗಳೂರಿನವರು ಒಳಬಂದ ಕಡತದಲ್ಲಿ ಹುಡುಕುತ್ತಾರೆ. ಅದು ಇರುವುದು ಅವರದೇ ಹೊರಹೋದ ಕಡತದಲ್ಲಿ.

ತಾರೀಖು ಕೂಡ ನೋಡಿಕೊಳ್ಳಿ. 02 ಫೆಬ್ರವರಿ ಅಲ್ಲ, ಒರ್ದಿಬೆಹೆಶ್ತ್, ಇರಾನಿ ವರ್ಷದ ಎರಡನೇ ತಿಂಗಳು. 1403/02/15 ಅಂದ್ರೆ 2024ರ ಮೇ 4. ಎರಡನ್ನೂ ಬರೆಯಿರಿ. ಹುಡುಕುವವರಿಗೆ ಇರಾನಿ ತಾರೀಖೂ ಬೇಕಾಗಬಹುದು.

ಹುಬ್ಬಳ್ಳಿಯಿಂದ

ನಾನು ಶೀರಾಜಿನ ಪ್ರಾಧ್ಯಾಪಕರೊಬ್ಬರಿಗೆ ಸಂಶೋಧನೆ ವಿಷಯಕ್ಕೆ ಬರೆಯಬೇಕು. ಹಾಗಾದ್ರೆ ನಾನೂ ‘ಬೆಸ್ಮೆಹಿ ತಆಲಾ’ ಹಾಕಬೇಕಾ ಸರ್?

ಮೈಸೂರಿನಿಂದ

ನೀವು ಇಂಗ್ಲಿಷಿನಲ್ಲಿ ಬರೆಯುವುದಾದರೆ ಬೇಡ. ‘ಡಿಯರ್ ಪ್ರೊಫೆಸರ್’ ಸಾಕು. ಇಲ್ಲಿನ ಪ್ರಶ್ನೆ ಅಲ್ಲಿಂದ ಬಂದ ಪತ್ರದ್ದು.

ಮಂಗಳೂರಿನಿಂದ

ಆ ‘ಬೆಸ್ಮೆಹಿ ತಆಲಾ’ ಬಗ್ಗೆ ನನ್ನದೊಂದು ತಕರಾರು. ನಾನು ಕೋರ್ಟಿಗೆ ಹೋಗುವ ದಾಖಲೆಗಳ ಅನುವಾದ ಮಾಡುತ್ತೇನೆ. ಅಲ್ಲಿ ಪುಟದ ಮೇಲೆ ಇದ್ದದ್ದೆಲ್ಲ ಇರಬೇಕು. ‘ಇನ್ ದಿ ನೇಮ್ ಆಫ್ ಗಾಡ್’ ಹಾಕುತ್ತೇನೆ, ಮೊಹರು ಮತ್ತು ಸಹಿ ಇದ್ದ ಜಾಗವನ್ನೂ ಗುರುತಿಸುತ್ತೇನೆ. ‘ಮೊಹಂದೆಸ್’ ಕೂಡ ಬಿಡುವುದಿಲ್ಲ. ನಾಳೆ ಈ ಪತ್ರವೇ ವ್ಯಾಜ್ಯಕ್ಕೆ ಬಂದರೆ?

ಮೈಸೂರಿನಿಂದ

ದಾಖಲೆಯಾದರೆ ನೀವು ಹೇಳಿದ್ದೇ ಸರಿ ಮೇಡಂ. ಮಾಲು ಕಳಿಸುವ ಗುಮಾಸ್ತರ ಮೇಜಿಗೆ ಹೋಗುವ ಪ್ರತಿಯಲ್ಲಿ ನಾನು ಹಾಕುವುದಿಲ್ಲ. ಇಂಗ್ಲಿಷ್ ವ್ಯವಹಾರ ಪತ್ರದ ತಲೆಯಲ್ಲಿ ಆ ಸಾಲು ಕಂಡರೆ, ಕಳಿಸಿದವರು ವಿಶೇಷವಾಗಿ ಏನೋ ಹೇಳುತ್ತಿದ್ದಾರೆ ಅನ್ನಿಸುತ್ತದೆ. ಇರಾನಿನಲ್ಲಿ ಅದು ಪತ್ರದ ವಾಡಿಕೆ.

ದುಬೈಯಿಂದ

‘ಮೊಹಂದೆಸ್’ ತೆಗೆಯುವುದನ್ನು ನಾನು ಒಪ್ಪಲ್ಲ. ಅಲ್ಲಿ ಆ ಪಟ್ಟ ಬಿಟ್ಟು ಕರೆದರೆ ಮುಖ ಸಪ್ಪೆಯಾಗುತ್ತದೆ. ಕಣ್ಣಾರೆ ಕಂಡಿದ್ದೇನೆ.

ಬೆಂಗಳೂರಿನಿಂದ

ಎಲ್ಲರಿಗೂ ಧನ್ಯವಾದ. ನಮ್ಮ ಗಿರಾಕಿ ಇದನ್ನು ಮಾಲು ಕಳಿಸಲು ಮಾತ್ರ ಬಳಸುತ್ತಾರೆ, ಹಾಗಾಗಿ ದೇವರ ಹೆಸರಿನ ಸಾಲು ಬಿಡುತ್ತಿದ್ದೇನೆ. ಈ ಪತ್ರದ ‘ಮೊಹಂದೆಸ್’ ಇಲ್ಲಿನವರೇ, ಅವರಿಗೆ ‘ಮಿಸ್ಟರ್’ ಸಾಕು. ಈಗ ಪತ್ರ ಹೀಗಿದೆ: ‘ಡಿಯರ್ ಮಿಸ್ಟರ್’, ಹೆಸರು. ‘ಇನ್ ರಿಪ್ಲೈ ಟು ಯುವರ್ ಲೆಟರ್ ನಂಬರ್ 118 ಆಫ್ 4 ಮೇ 2024’, ಪಕ್ಕದಲ್ಲಿ ಇರಾನಿ ತಾರೀಖು, ‘ವಿ ವಿಶ್ ಟು ಇನ್ಫಾರ್ಮ್ ಯು’ ಎಂದು ವಿಷಯ. ಆಮೇಲೆ ಆ ‘ಅರೇಂಜ್’ ವಾಕ್ಯ. ಕೊನೆಗೆ ‘ವಿತ್ ದಿ ಆಫರಿಂಗ್ ಆಫ್ ರೆಸ್ಪೆಕ್ಟ್ಸ್’ ಅನ್ನುವುದನ್ನು ಹೊಡೆದುಹಾಕಿ ‘ಯುವರ್ಸ್ ಫೇತ್‌ಫುಲಿ’ ಮಾಡಿದ್ದೇನೆ.

ಮೈಸೂರಿನಿಂದ

ಚೆನ್ನಾಗಿದೆ. ಕೊನೆಯದನ್ನು ಮಾತ್ರ ‘ಯುವರ್ಸ್ ಸಿನ್ಸಿಯರ್ಲಿ’ ಮಾಡಿ. ಬ್ರಿಟಿಷ್ ರೂಢಿಯಲ್ಲಿ ಹೆಸರು ಹಿಡಿದು ‘ಡಿಯರ್’ ಅಂದಮೇಲೆ ‘ಫೇತ್‌ಫುಲಿ’ ಬರುವುದಿಲ್ಲ. ಅದು ‘ಡಿಯರ್ ಸರ್’ಗೆ ಜೋಡಿ.