ಅಜ್ಜಿಗೂ ಭಯವಾಗದ ಪೇಮೆಂಟ್ ಆ್ಯಪ್‌ ಹೆಸರು ಯಾವುದು?

ಕೇಳಿದವರು: ಒಂದು ಬ್ಯಾಂಕಿನ ಜೊತೆ ಸೇರಿ ನಾವು ಯುಪಿಐ ಆ್ಯಪ್ ಮಾಡುತ್ತಿದ್ದೇವೆ. ಮೊದಲ ಸಲ ಫೋನಿನಲ್ಲಿ ದುಡ್ಡು ಕಳಿಸುವವರು, ವಯಸ್ಸಾದವರು ಬಳಸಬೇಕು. 'ಸುರಕ್ಷಾ ಪೇ', 'ಭರವಸೆ', 'ಕಾಸು', ಇವುಗಳಲ್ಲಿ ಯಾವುದು ಕೇಳಿದರೆ ಅವರಿಗೆ ನಂಬಿಕೆ ಬರುತ್ತದೆ? ಅನುಭವ ಇದ್ದವರು ಹೇಳಿ.

ಬ್ಯಾಂಕ್ ಮಿತ್ರ, ಅರಸೀಕೆರೆ ಕಡೆ: 'ಸುರಕ್ಷಾ' ಬೇಡ. ಮೋಸದ ಕರೆ ಮಾಡುವವರೂ ಅದೇ ಮಾತಿನಿಂದ ಶುರು ಮಾಡುತ್ತಾರೆ, "ನಿಮ್ಮ ಖಾತೆಯ ಸುರಕ್ಷತೆಗಾಗಿ ಕೆವೈಸಿ ಮಾಡಿಸಿ" ಅಂತ. ಒಮ್ಮೆ ಸುಟ್ಟುಕೊಂಡವರಿಗೆ ಆ ಪದ ಕೇಳಿದರೇ ಎದೆ ಝಲ್ ಅನ್ನುತ್ತದೆ.

ಪಿಂಚಣಿ ತೆಗೆಯಲು ನನ್ನ ಹತ್ತಿರ ಒಬ್ಬರು ಅಜ್ಜಿ ಬರುತ್ತಾರೆ. ಫೋನನ್ನು ಪಾಸ್‌ಬುಕ್ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತರುತ್ತಾರೆ. ಆ್ಯಪ್ ತೋರಿಸಿದಾಗ ಅವರು "ಇದು ಸೇಫಾ" ಅಂತ ಕೇಳಲಿಲ್ಲ. "ಇದು ಯಾರ್ದಪ್ಪಾ?" ಅಂದರು. ಬ್ಯಾಂಕಿನ ಹೆಸರು ಹೇಳಿದ ಮೇಲೆ ಕವರ್ ಬಿಚ್ಚಿದರು. ಹೆಸರು ಏನೇ ಇರಲಿ, ಅದರ ಕೆಳಗೆ ನಿಮ್ಮ ಬ್ಯಾಂಕಿನ ಹೆಸರು ದಪ್ಪ ಅಕ್ಷರದಲ್ಲಿ ಇರಲಿ.

ಕಿರಾಣಿ ಅಂಗಡಿ, ಹುಬ್ಬಳ್ಳಿ: ಸರ್ಕಾರದ್ದು ಅನ್ನಿಸಿದರೆ ಜನ ನಂಬುತ್ತಾರೆ. 2016ರ ಡಿಸೆಂಬರ್ 30ಕ್ಕೆ BHIM ಬಂತಲ್ಲ, ಅಂಬೇಡ್ಕರ್ ಹೆಸರು, ಎರಡೇ ಅಕ್ಷರ. ನಮ್ಮ ಓಣಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ನೀವೂ 'ಭಾರತ್' ಅಥವಾ 'ಬ್ಯಾಂಕ್' ಅಂತ ಸೇರಿಸಿ. ಇನ್ನೊಂದು ಮಾತು, ನಮ್ಮ ಕಡೆ 'ಕಾಸು' ಅನ್ನುವವರು ಕಡಿಮೆ, 'ರೊಕ್ಕ' ಅನ್ನುತ್ತೇವೆ.

ಪೇಮೆಂಟ್ ಕಂಪನಿಯಲ್ಲಿ ಕೆಲಸ ಮಾಡಿದವಳು, ಬೆಂಗಳೂರು: BHIM ಬಗ್ಗೆ ಅಣ್ಣ ಹೇಳಿದ್ದು ನಿಜ. ಆದರೆ ಆ ಹೆಸರು ಬಂದ ಕೂಡಲೇ ಅದನ್ನು ಹೋಲುವ ನಕಲಿ ಆ್ಯಪ್‌ಗಳೂ ಬಂದವು. 'ಬ್ಯಾಂಕ್' ಪದವನ್ನಂತೂ ಬ್ಯಾಂಕ್ ಅಲ್ಲದವರು ಹೆಸರಿನಲ್ಲಿ ಹಾಕಿಕೊಳ್ಳುವಂತಿಲ್ಲ, ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 7ನೇ ಸೆಕ್ಷನ್ ತಡೆಯುತ್ತದೆ. ಸರ್ಕಾರದ್ದು ಅನ್ನುವ ಭಾವನೆ ತರುವ ಹೆಸರಿಗೂ ಬೇರೆ ಕಾಯ್ದೆಯ ಅಡ್ಡಿ ಇದೆ.

ನಾನು ಹೆಸರನ್ನು ಕಿವಿಯಿಂದ ಪರೀಕ್ಷೆ ಮಾಡುತ್ತೇನೆ. ಫೋನಿನಲ್ಲಿ ಒಂದೇ ಸಲ ಹೇಳಬೇಕು, ತೋರಿಸಬಾರದು. ಅರ್ಧ ಗಂಟೆ ಬಿಟ್ಟು ಅವರೇ ಪ್ಲೇ ಸ್ಟೋರ್‌ನಲ್ಲಿ ಹುಡುಕಲಿ. 'ಭರವಸೆ' ಕನ್ನಡದಲ್ಲಿ ಚೆಂದ. ಆದರೆ ಇಂಗ್ಲಿಷ್ ಕೀಬೋರ್ಡಿನಲ್ಲಿ ಒಬ್ಬರು `Bharavase`, ಇನ್ನೊಬ್ಬರು `Baravase`, ಮತ್ತೊಬ್ಬರು `Bharvase` ಬರೆಯುತ್ತಾರೆ. ಮಹಾಪ್ರಾಣ ಬಿಡುವುದು ನಮ್ಮ ಮಾತಿನಲ್ಲಿ ಸಹಜ, ಅಲ್ವಾ? ತಪ್ಪು ಸ್ಪೆಲಿಂಗ್ ಇರುವ ಜಾಗದಲ್ಲೇ ಕಳ್ಳ ಕಾದು ಕೂರುತ್ತಾನೆ.

ಎಸ್ಸೆಮ್ಮೆಸ್ ನೋಡಿ. ಕಳಿಸಿದವರ ಹೆಸರಿಗೆ ಅಲ್ಲಿ ಆರು ಇಂಗ್ಲಿಷ್ ಅಕ್ಷರಕ್ಕಿಂತ ಜಾಸ್ತಿ ಜಾಗ ಇಲ್ಲ. 'ಭರವಸೆ' `BRVASE` ಆಗುತ್ತದೆ. "ದುಡ್ಡು ಹೋಯಿತು" ಅನ್ನುವ ಮೆಸೇಜಿನ ತಲೆಯ ಮೇಲೆ ಅದನ್ನು ನೋಡಿದ ತಾತನಿಗೆ ನಿಮ್ಮ ಆ್ಯಪ್ ಅಂತ ಹೇಗೆ ಗೊತ್ತಾಗಬೇಕು? `KAASU` ಹಾಗೇ ಕೂರುತ್ತದೆ. ಅದಕ್ಕೂ `Kasu` ಅನ್ನುವ ಸ್ಪೆಲಿಂಗ್ ಇದೆ, ಎರಡನ್ನೂ ನಿಮ್ಮದಾಗಿಸಿಕೊಳ್ಳಿ. ಕೊನೆಯಲ್ಲಿ 'ಪೇ' ಬೇಡ. ಹಾಗೆ ಮುಗಿಯುವ ಹೆಸರುಗಳು ಈಗಲೇ ಬೇಕಾದಷ್ಟಿವೆ. ಅದೇ ತುದಿಗೆ ಫೋನ್‌ಪೇ, ಭಾರತ್‌ಪೇ ವರ್ಷಗಟ್ಟಲೆ ಕೋರ್ಟಿಗೆ ಅಲೆದು 2024ರಲ್ಲಿ ರಾಜಿ ಮಾಡಿಕೊಂಡವು.

ಮೊದಲೇ ಸರಿ ನೋಡಿಕೊಳ್ಳಿ. ಗೂಗಲ್ 2017ರಲ್ಲಿ 'ತೇಜ್' ಅಂತ ಇಟ್ಟು ಮರುವರ್ಷವೇ 'ಗೂಗಲ್ ಪೇ' ಮಾಡಿತು. ಅವರು ದೊಡ್ಡವರು, ತಡೆದುಕೊಂಡರು. ನಿಮ್ಮ ಅಜ್ಜಿ ಬೆಳಿಗ್ಗೆ ಎದ್ದು ಐಕಾನ್ ಕೆಳಗೆ ಬೇರೆ ಹೆಸರು ನೋಡಿದರೆ, ದುಡ್ಡು ಹೋಯಿತು ಅಂತಲೇ ಅಂದುಕೊಳ್ಳುತ್ತಾರೆ.

ಶಿಕ್ಷಕಿ, ಶಿರಸಿ: ನಮ್ಮ ಅಪ್ಪ ವಾಟ್ಸಾಪಿನಲ್ಲಿ ಬಂದ ಲಿಂಕಿನಿಂದ ಒಂದು ಆ್ಯಪ್ ಹಾಕಿಕೊಂಡರು. ಹೆಸರು ಅವರ ಬ್ಯಾಂಕಿನದ್ದೇ, ಹಿಂದೆ 'ರಿವಾರ್ಡ್' ಅಂತ ಸೇರಿತ್ತು. ಇವತ್ತು ಬೆಳಿಗ್ಗೆ ಎಂಟು ಸಾವಿರ ಹೋಗಿದೆ. ಏನು ಮಾಡಲಿ?

ಬ್ಯಾಂಕ್ ಮಿತ್ರ, ಅರಸೀಕೆರೆ ಕಡೆ: ಅಕ್ಕಾ, ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬ್ಯಾಂಕಿಗೂ ಹೇಳಿ ಖಾತೆ ತಡೆಹಿಡಿಸಿ. ತಡ ಮಾಡಿದಷ್ಟೂ ದುಡ್ಡು ಕೈ ಬದಲಾಯಿಸುತ್ತದೆ. ಅಪ್ಪನ ಫೋನಿನ ಡೇಟಾ, ವೈಫೈ ಎರಡೂ ಆಫ್ ಮಾಡಿ.

ಪ್ರಶ್ನೆ ಕೇಳಿದವರೇ, ಇದನ್ನೂ ಗಮನಿಸಿ. ಹೆಸರಿಗೆ 'ಪ್ಲಸ್', 'ರಿವಾರ್ಡ್' ಅಂತ ನೀವೇ ಬಾಲ ಹಚ್ಚಬೇಡಿ. ನಿಮ್ಮದು ಒಂದೇ ಹೆಸರು ಅಂತ ಗೊತ್ತಿದ್ದರೆ, ಬಾಲ ಇದ್ದದ್ದು ನಕಲಿ ಅಂತ ಹೇಳಿಕೊಡುವುದು ಸುಲಭ.

ಕೇಳಿದವರು: ಶಿರಸಿಯ ಅಕ್ಕ, ದುಡ್ಡು ವಾಪಸ್ ಸಿಗಲಿ. 'ಸುರಕ್ಷಾ ಪೇ' ಬಿಟ್ಟೆವು. ನಿನ್ನೆ ಸಂಜೆ ನಮ್ಮ ದೊಡ್ಡಮ್ಮನಿಗೆ ಫೋನಿನಲ್ಲಿ 'ಕಾಸು' ಅಂದೆ. ಅರ್ಧ ಗಂಟೆ ಆದ ಮೇಲೂ ನೆನಪಿತ್ತು, ಹುಡುಕಿಯೂ ತೋರಿಸಿದರು. ಆದರೆ "ಕಾಸು ಅಂದ್ರೆ ಚಿಲ್ಲರೆ ಕಣೋ, ನನ್ನ ಪಿಂಚಣಿನ ಇದರಲ್ಲಿ ಇಡ್ಲಾ?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಿರಾಣಿ ಅಂಗಡಿ, ಹುಬ್ಬಳ್ಳಿ: ಅದಕ್ಕೇ 'ರೊಕ್ಕ' ಅಂದೆ. ನಮ್ಮಲ್ಲಿ ನೂರಕ್ಕೂ ರೊಕ್ಕ, ಲಕ್ಷಕ್ಕೂ ರೊಕ್ಕ.

ಪೇಮೆಂಟ್ ಕಂಪನಿಯಲ್ಲಿ ಕೆಲಸ ಮಾಡಿದವಳು, ಬೆಂಗಳೂರು: `ROKKA` ಐದೇ ಅಕ್ಷರ. ಮಂಡ್ಯದ ಕಡೆ ಹತ್ತು ಜನ ಹಿರಿಯರಿಗೆ ಫೋನಿನಲ್ಲಿ ಹೇಳಿ ನೋಡಿ. ಪರಕೀಯ ಅನ್ನಿಸುತ್ತದಾ ಅನ್ನುವುದನ್ನು ಅವರೇ ಹೇಳಬೇಕು.