ಪದಚರ್ಚೆ: ‘ಆನ್ ಟೂಸ್’, ‘ಹೋಲ್ಡ್’, ‘ಸ್ಮಿಯರ್’ – ಕನ್ನಡದಲ್ಲಿ ಏನನ್ನೋಣ?

ಅನುಪಮಾ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ.

ಭಾನುವಾರಗಳಲ್ಲಿ ಹೈಸ್ಕೂಲು ಮಕ್ಕಳಿಗೆ ಅನಿಮೇಷನ್ ಹೇಳಿಕೊಡುತ್ತೇನೆ. ಕನ್ನಡ ಮಾಧ್ಯಮದ ಮಕ್ಕಳು. ಕೈ ಚೆನ್ನಾಗಿದೆ, ಆದರೆ ಮೂರು ಮಾತಿನ ಹತ್ತಿರ ಪಾಠ ಪ್ರತಿಸಲವೂ ನಿಲ್ಲುತ್ತದೆ: ಆನ್ ಟೂಸ್, ಹೋಲ್ಡ್, ಸ್ಮಿಯರ್. ಒಂದೊಂದು ಚಿತ್ರವನ್ನೂ ಎರಡು ಫ್ರೇಮ್ ತೋರಿಸುವುದು ಆನ್ ಟೂಸ್, ಒಂದೇ ಚಿತ್ರವನ್ನು ಹೆಚ್ಚು ಹೊತ್ತು ಇಡುವುದು ಹೋಲ್ಡ್, ಜೋರಾದ ಚಲನೆಯ ನಡುವೆ ಬರುವ ಎಳೆದ ಆಕಾರ ಸ್ಮಿಯರ್.

ಈಗ ಮಾಡುತ್ತಿರುವುದು ಒಂದೂವರೆ ಸೆಕೆಂಡಿನ ಒಂದು ಹೊಡೆತ. ಮೊಸರು ಕುಡಿಕೆಯ ಹುಡುಗ ಕೋಲು ಎತ್ತುತ್ತಾನೆ, ಬೀಸುತ್ತಾನೆ, ಮಡಕೆ ಒಡೆಯುತ್ತದೆ. ಸೆಕೆಂಡಿಗೆ 24 ಫ್ರೇಮ್, ಅಂದರೆ ಒಟ್ಟು 36. ಅಷ್ಟೂ ಚಿತ್ರ ಬರೆಯಲು ನಮಗೆ ಸಮಯವಿಲ್ಲ. ಬೇಕಾಗಿಯೂ ಇಲ್ಲ, ಹೊಡೆತ ಖಡಕ್ಕಾಗಿ ಕಾಣಬೇಕು ಅಷ್ಟೆ.

‘ಆನ್ ಟೂಸ್’ ಅನ್ನು ನಾನು ‘ಎರಡೆರಡಾಗಿ’ ಎಂದೆ. ಒಬ್ಬ ಹುಡುಗಿ ಒಂದೊಂದು ಹಾಳೆಯ ಮೇಲೂ ಎರಡೆರಡು ಕೋಲು ಬರೆದುಕೊಂಡು ಬಂದಳು. ತಪ್ಪು ಅವಳದ್ದಲ್ಲ. ‘ಊಟಕ್ಕೆ ಎರಡೆರಡು ಹೋಳಿಗೆ’ ಅಂದರೆ ಒಬ್ಬೊಬ್ಬರಿಗೆ ಎರಡು ತಾನೇ? ಹಾಗೆಯೇ ಹಾಳೆಗೆ ಎರಡು ಅಂದುಕೊಂಡಿದ್ದಾಳೆ. ಸರಿಯಾದ ಮಾತು ಯಾವುದು?

ಶ್ರೀನಿವಾಸ, ಮೈಸೂರು

ಅನುಪಮಾ ಅವರೇ, ಪದ ನಮ್ಮಲ್ಲೇ ಇದೆ. ಸಂಗೀತದಲ್ಲಿ ‘ಎರಡು ಕಳೆ’ ಅನ್ನುತ್ತೇವೆ. ಒಂದು ಕಳೆಯಲ್ಲಿ ತಾಳದ ಪ್ರತಿ ಎಣಿಕೆಯನ್ನು ಒಂದೇ ಸಲ ಹಾಕುತ್ತೇವೆ. ಎರಡು ಕಳೆಯಲ್ಲಿ ಅದೇ ಎಣಿಕೆಯನ್ನು ಎರಡೆರಡು ಸಲ ಹಾಕುತ್ತೇವೆ. ನಿಮ್ಮಲ್ಲಿ ಅದೇ ಚಿತ್ರ ಎರಡು ಫ್ರೇಮ್ ಕಾಣುತ್ತದೆ. ‘ಎರಡು ಕಳೆಯಲ್ಲಿ ಬರೆಯಿರಿ’ ಅನ್ನಿ. ಮೃದಂಗ ಕಲಿತ ಮಗುವಿಗಂತೂ ತಕ್ಷಣ ಅರ್ಥವಾಗುತ್ತದೆ.

ಗಿರೀಶ, ದಾವಣಗೆರೆ

ನಾನು ಮದುವೆ ವಿಡಿಯೋ ಮಾಡುವವನು. ಸ್ಮಿಯರ್ ಅಂದರೆ ಮಸುಕು ಅಲ್ವಾ? ಕೈ ಜೋರಾಗಿ ಬೀಸಿದಾಗ ಕ್ಯಾಮೆರಾದಲ್ಲಿ ಬರುತ್ತದಲ್ಲ, ಅದು. ‘ಮಸುಕು ಚಿತ್ರ’ ಅಂದರೆ ಮುಗಿಯಿತು.

ಇನ್ನೊಂದು ವಿಷಯ. ನಮ್ಮ ಕಡೆ 25 ಫ್ರೇಮ್ ನಡೆಯುತ್ತದೆ. 25ನ್ನು ಎರಡರಿಂದ ಭಾಗಿಸಿದರೆ ಹನ್ನೆರಡೂವರೆ. ಅರ್ಧ ಚಿತ್ರ ಎಲ್ಲಿಂದ ತರುತ್ತೀರಿ?

ಲೀಲಾ, ಬೆಂಗಳೂರು

ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದ್ದೇನೆ, ಮೊದಲು ಪೇಪರಿನಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ. ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಶ್ರೀನಿವಾಸ ಅವರ ‘ಕಳೆ’ ನನಗೆ ತುಂಬ ಇಷ್ಟವಾಯಿತು. ಆದರೆ ಒಂದು ಕಡೆ ಅದು ಹೊಂದುವುದಿಲ್ಲ. ಎರಡು ಕಳೆಗೆ ಹೋದರೆ ತಾಳದ ಆವರ್ತ ಹಿಗ್ಗುತ್ತದೆ, ಹಾಡು ವಿಳಂಬವಾಗುತ್ತದೆ. ಇಲ್ಲಿ ಹಾಗಿಲ್ಲ. ಕೋಲು ಮಡಕೆಗೆ ಬಡಿಯುವುದು ಯಾವ ಫ್ರೇಮಿನಲ್ಲೋ ಅದೇ ಫ್ರೇಮಿನಲ್ಲಿ. ವೇಗ ಬದಲಾಗುವುದಿಲ್ಲ, ಚಿತ್ರಗಳ ಸಂಖ್ಯೆ ಮಾತ್ರ ಅರ್ಧವಾಗುತ್ತದೆ. ‘ಎರಡು ಕಳೆ’ ಕೇಳಿದ ಮಗು ಹುಡುಗನನ್ನು ನಿಧಾನ ಮಾಡಿಬಿಟ್ಟೀತು.

ಈ ಮಾತಿನಲ್ಲಿ ಮುಖ್ಯವಾದದ್ದು ‘ಎರಡು’ ಯಾವುದಕ್ಕೆ ಸೇರಬೇಕು ಅನ್ನುವುದು. ಅದು ಫ್ರೇಮಿಗೆ ಸೇರಬೇಕು. ಜಪಾನಿನವರು ಇದನ್ನು ಬಿಗಿಯಾಗಿ ಇಟ್ಟಿದ್ದಾರೆ. ಅವರಲ್ಲಿ ಫ್ರೇಮಿಗೆ ‘ಕೋಮಾ’ ಅನ್ನುತ್ತಾರೆ. ಆನ್ ಟೂಸ್ ಅಂದರೆ ‘ನಿ ಕೋಮಾ’, ಎರಡು ಫ್ರೇಮಿನದು. ಅವರ ಟೀವಿ ಕಾರ್ಟೂನುಗಳಲ್ಲಿ ಮೂರು ಕೋಮಾ ಸರ್ವೇಸಾಮಾನ್ಯ, ಅಂದರೆ ಸೆಕೆಂಡಿಗೆ ಎಂಟೇ ಚಿತ್ರ. ನಾವೂ ‘ಎರಡು ಫ್ರೇಮಿನ ಚಿತ್ರ’, ‘ಮೂರು ಫ್ರೇಮಿನ ಚಿತ್ರ’ ಅನ್ನಬಹುದು. ‘ಎರಡೆರಡು’ ಬಿಟ್ಟುಬಿಡಿ.

ಗಿರೀಶ್ ಅವರೇ, ಅರ್ಧ ಚಿತ್ರ ಬೇಕಾಗುವುದೇ ಇಲ್ಲ. ಲೆಕ್ಕ ಸೆಕೆಂಡಿನಿಂದ ಶುರುವಾಗುವುದಿಲ್ಲ, ಚಿತ್ರದಿಂದ ಶುರುವಾಗುತ್ತದೆ. ಹದಿಮೂರನೇ ಚಿತ್ರದ ಎರಡನೇ ಫ್ರೇಮ್ ಮುಂದಿನ ಸೆಕೆಂಡಿಗೆ ಹೋಗಿ ಕೂರುತ್ತದೆ, ಅಷ್ಟೆ. ಕಷ್ಟ ಬರುವುದು 24ರಲ್ಲಿ ಮಾಡಿದ್ದನ್ನು ಆಮೇಲೆ 25ಕ್ಕೆ ತಿರುಗಿಸಿದಾಗ.

ಮಸುಕು ಮತ್ತು ಸ್ಮಿಯರ್ ಮಾತ್ರ ಬೇರೆ ಬೇರೆ. ಶಟರ್ ತೆರೆದಿದ್ದಷ್ಟು ಹೊತ್ತು ಕೈ ಸರಿದಿದ್ದರಿಂದ ಮಸುಕು ತಾನಾಗಿ ಬರುತ್ತದೆ, ಅಂಚು ಕರಗಿರುತ್ತದೆ, ಹಿಂದಿನದು ಕಾಣುತ್ತದೆ. ಸ್ಮಿಯರ್ ಅನ್ನು ಒಬ್ಬರು ಕೂತು ಬರೆದಿರುತ್ತಾರೆ. ಅಂಚಿಗೆ ಗಟ್ಟಿ ಗೆರೆ, ಒಳಗೆ ಪೂರ್ತಿ ಬಣ್ಣ, ಆಕಾರ ಮಾತ್ರ ಎಳೆದ ಹಿಟ್ಟಿನ ಹಾಗೆ. 1942ರಲ್ಲಿ ಚಕ್ ಜೋನ್ಸ್ ನಿರ್ದೇಶಿಸಿದ ‘ದ ಡೋವರ್ ಬಾಯ್ಸ್’ ಎಂಬ ವಾರ್ನರ್ ಕಾರ್ಟೂನನ್ನು ಒಂದೊಂದೇ ಫ್ರೇಮ್ ಸರಿಸಿ ನೋಡಿ. ಪಾತ್ರ ಒಂದು ಭಂಗಿಯಲ್ಲಿ ಗಟ್ಟಿಯಾಗಿ ನಿಂತಿರುತ್ತದೆ. ನಡುವೆ ಮೈಯೆಲ್ಲ ಎಳೆದುಕೊಂಡ ಒಂದು ಆಕಾರ ಬರುತ್ತದೆ, ಕೂಡಲೇ ಇನ್ನೊಂದು ಭಂಗಿ. ಓಡುವಾಗ ಕಣ್ಣಿಗೆ ಆ ಆಕಾರ ಕಾಣುವುದೇ ಇಲ್ಲ, ‘ರಪ್’ ಅನ್ನುವುದು ಮಾತ್ರ ಕಾಣುತ್ತದೆ.

ನಾಗರತ್ನಾ, ಸಾಗರ

ನನಗೆ ಕಾರ್ಟೂನು ಗೊತ್ತಿಲ್ಲ, ಪದ ಗೊತ್ತು. ‘ತೀಡು’ ಆಗುತ್ತದೆಯೇ ನೋಡಿ. ಕಣ್ಣಿಗೆ ಕಾಡಿಗೆ ತೀಡುತ್ತೇವೆ. ಬೆರಳಲ್ಲಿ ಒಂದೇ ಎಳೆತ, ಬಣ್ಣ ಉದ್ದಕ್ಕೆ ಹೋಗುತ್ತದೆ, ಅಂಚೂ ಚೂಪಾಗಿರುತ್ತದೆ. ಗಾಳಿಯೂ ತೀಡುತ್ತದೆ. ಬಳಿಯುವುದು ಅಂದರೆ ಗೋಡೆಗೆ ಸುಣ್ಣ. ಒರೆಸುವುದು ಅಂದರೆ ಇದ್ದದ್ದು ಹೋಗುವುದು. ನಿಮ್ಮದು ಎರಡೂ ಅಲ್ಲ ಅನ್ನಿಸುತ್ತದೆ.

ಲೀಲಾ

ನಾಗರತ್ನಮ್ಮ, ಇದು ಬಹಳ ಸರಿಯಾದ ಮಾತು. ಎಳೆತವೂ ಇದೆ, ಬೀಸೂ ಇದೆ. ಜಪಾನಿನಲ್ಲಿ ಇದಕ್ಕೆ ‘ಒಬಾಕೆ’ ಅನ್ನುತ್ತಾರೆ, ದೆವ್ವ ಅಂತ. ಅದು ಕಂಡ ರೂಪಕ್ಕೆ ಇಟ್ಟ ಹೆಸರು. ‘ತೀಡು’ ಮಾಡುವ ಕೆಲಸಕ್ಕೆ ಇಟ್ಟ ಹೆಸರು. ಕಲಿಯುವ ಮಕ್ಕಳಿಗೆ ಕೆಲಸದ ಹೆಸರೇ ಒಳ್ಳೆಯದು.

ಹೋಲ್ಡ್‌ಗೆ ‘ತಂಗು’ ಹೇಗೆ? ‘ಈ ಚಿತ್ರ ಹತ್ತು ಫ್ರೇಮ್ ತಂಗುತ್ತದೆ.’

ಶ್ರೀನಿವಾಸ

ಕಳೆಯ ವಿಷಯ ಒಪ್ಪಿದೆ. ಆದರೆ ‘ತಂಗು’ ಯಾಕೆ? ‘ನಿಲುಗಡೆ’ ಇದೆಯಲ್ಲ. ಎಲ್ಲ ನಿಂತುಹೋಗುತ್ತದೆ ತಾನೇ?

ಅನುಪಮಾ

ಶ್ರೀನಿವಾಸ ಅವರೇ, ಎಲ್ಲ ನಿಲ್ಲುವುದಿಲ್ಲ. ನನ್ನ ಹೊಡೆತದ ಹಾಳೆಯನ್ನೇ ಹೇಳುತ್ತೇನೆ, ಈ ಪದಗಳನ್ನೇ ಹಾಕಿ.

1ರಿಂದ 4ರವರೆಗೆ ಹುಡುಗ ಕೋಲು ಎತ್ತುತ್ತಾನೆ. ಎರಡು ಫ್ರೇಮಿನ ಚಿತ್ರ, ಎರಡು. 5ರಲ್ಲಿ ಕೋಲು ಬೆನ್ನ ಹಿಂದೆ ಹೋಗಿ, ಮೈ ಬಿಲ್ಲಿನ ಹಾಗೆ ಬಾಗಿದೆ. ಈ ಒಂದೇ ಚಿತ್ರ 14ರವರೆಗೆ ತಂಗುತ್ತದೆ, ಹತ್ತು ಫ್ರೇಮ್. 15ನೇ ಫ್ರೇಮ್ ತೀಡು. ಅದೊಂದೇ ಫ್ರೇಮ್. 16–17 ಕೋಲು ಮಡಕೆಗೆ ಬಡಿದ ಚಿತ್ರ. 18–19 ಏಟಿಗೆ ಕೈ ತುಸು ಹಿಂದೆ ಪುಟಿದದ್ದು. 20ರಿಂದ 36ರವರೆಗೆ ಕೊನೆಯ ಭಂಗಿ ತಂಗುತ್ತದೆ. 36 ಫ್ರೇಮಿಗೆ ಹುಡುಗನ ಚಿತ್ರ ಒಟ್ಟು ಏಳು. ಉದ್ದಕ್ಕೂ ಎರಡು ಫ್ರೇಮಿನ ಚಿತ್ರವಾಗಿದ್ದರೆ ಹದಿನೆಂಟು ಬೇಕಿತ್ತು.

ಕೊನೆಯ 17 ಫ್ರೇಮಿನಲ್ಲಿ ಹುಡುಗ ತಂಗಿದ್ದಾನೆ. ಆದರೆ ಮಡಕೆಯ ಚೂರು ಬೀಳುತ್ತಲೇ ಇರುತ್ತದೆ, ಮೊಸರು ಸುರಿಯುತ್ತಲೇ ಇರುತ್ತದೆ. ಅವು ಬೇರೆ ಪದರದಲ್ಲಿವೆ, ಎರಡು ಫ್ರೇಮಿನ ಚಿತ್ರಗಳಾಗಿ ಓಡುತ್ತವೆ. ‘ನಿಲುಗಡೆ’ ಅಂದರೆ ಮಕ್ಕಳು ಇಡೀ ಪರದೆಯನ್ನೇ ನಿಲ್ಲಿಸಿಬಿಡುತ್ತಾರೆ. ಹೋದ ವಾರ ಒಬ್ಬ ಹಾಗೇ ಮಾಡಿದ್ದ, ಮೊಸರು ಗಾಳಿಯಲ್ಲಿ ನೇತಾಡಿತು. ‘ಸ್ಟ್ಯಾಚ್ಯೂ’ ಆಟದಲ್ಲಿ ಒಬ್ಬ ನಿಂತರೆ ಬೀದಿ ನಿಲ್ಲುತ್ತದೆಯೇ? ‘ತಂಗು’ ಅಂದಾಗ ಯಾರೋ ಒಬ್ಬರು ತಂಗಿದರು, ಮಿಕ್ಕವರು ಹೋಗುತ್ತಿದ್ದಾರೆ ಅನ್ನುವ ಭಾವ ಬರುತ್ತದೆ. ನನಗೆ ಅದೇ ಬೇಕು.

ತೀಡಿನ ಚಿತ್ರದಲ್ಲಿ ಮಕ್ಕಳು ಮಾಡಿದ ತಪ್ಪು ಒಂದೇ. ಕೋಲನ್ನು ಹಿಂದಿನ ಜಾಗದಿಂದ ಮಡಕೆಗೆ ನೇರ ಗೆರೆಯಲ್ಲಿ ಎಳೆದಿದ್ದರು. ಆಗ ಕೋಲು ಹುಡುಗನ ತಲೆಯ ಮೂಲಕವೇ ಹಾದುಹೋಯಿತು. ಕೋಲು ತಿರುಗುವುದು ಭುಜದ ಸುತ್ತ, ಹಾಗಾಗಿ ತೀಡು ಕುಡುಗೋಲಿನ ಹಾಗೆ ಬಾಗಬೇಕು. ಹಿಂದಿನ ತುದಿ ತೆಳು, ಮುಂದಿನ ತುದಿ ದಪ್ಪ. ಪಾದ ಎರಡೂ ನೆಲದಲ್ಲಿ ಇದ್ದಲ್ಲೇ ಇರಬೇಕು. ಪಾದವನ್ನೂ ತೀಡಿದರೆ ಹುಡುಗ ಜಾರಿದ ಹಾಗೆ ಕಾಣುತ್ತದೆ.

ಗಿರೀಶ

ಮಸುಕು ಬೇರೆ ಅಂತ ಒಪ್ಪಿದೆ. ಆದರೆ ನನ್ನ ಅನುಭವ ಕೇಳಿ. ಒಬ್ಬರ ಮದುವೆಗೆ ಕಾರ್ಟೂನ್ ಆಮಂತ್ರಣ ಹಾಕಿದ್ದೆ, 24ರಲ್ಲಿ ಬಂದಿತ್ತು. ನಾನು 25ಕ್ಕೆ ತಿರುಗಿಸಿದೆ. ಚಿತ್ರದವರು ‘ನಮ್ಮ ಸ್ಮಿಯರ್ ಹಾಳಾಯಿತು’ ಅಂದರು. ನನಗೆ ಅರ್ಥವೇ ಆಗಲಿಲ್ಲ, ಎಲ್ಲ ಮೆತ್ತಗೆ ಚೆನ್ನಾಗಿಯೇ ಓಡುತ್ತಿತ್ತು.

ಲೀಲಾ

ಆ ಮೆತ್ತಗೆ ಓಡಿದ್ದೇ ತೊಂದರೆ. ತಿರುಗಿಸುವಾಗ ಪಕ್ಕದ ಫ್ರೇಮುಗಳನ್ನು ಬೆರೆಸುವ ಆಯ್ಕೆ ಆನ್ ಆಗಿದ್ದಿರಬೇಕು. ಒಂದೊಂದೇ ಫ್ರೇಮ್ ಸರಿಸಿ ನೋಡಿ. ತಂಗಿದ ಚಿತ್ರದ ಮೇಲೆ ತೀಡು ಅರ್ಧ ತಿಳಿಯಾಗಿ ಕೂತಿದ್ದರೆ ಅದೇ ಕಾರಣ. ಗಟ್ಟಿ ಅಂಚು ಹೋಗಿ ನೀವು ಹೇಳಿದ ಮಸುಕೇ ಆಗಿಬಿಡುತ್ತದೆ. ಬೆರೆಸದೆ ಸೆಕೆಂಡಿಗೆ ಒಂದು ಫ್ರೇಮ್ ಮರುಕಳಿಸಿದರೆ ಅಂಚು ಉಳಿಯುತ್ತದೆ. ಆದರೆ ಆ ಹೆಚ್ಚಿನ ಫ್ರೇಮ್ ತೀಡಿನ ಮೇಲೆ ಬಿದ್ದರೆ ಅದು ಎರಡು ಫ್ರೇಮ್ ಆಗುತ್ತದೆ. ಇಡೀ ಚಿತ್ರವನ್ನು 25ರ ವೇಗದಲ್ಲಿ ಸುಮ್ನೆ ಓಡಿಸಿದರೆ ಶೇಕಡಾ ನಾಲ್ಕರಷ್ಟು ಬೇಗ ಮುಗಿಯುತ್ತದೆ, ಚಿತ್ರಗಳೆಲ್ಲ ಇದ್ದ ಹಾಗೇ ಇರುತ್ತವೆ. ಧ್ವನಿಯನ್ನು ಮಾತ್ರ ಅದಕ್ಕೆ ಹೊಂದಿಸಬೇಕು. ನಾನು ಅದನ್ನೇ ಮಾಡುತ್ತೇನೆ.

ಅನುಪಮಾ, ನಿಮ್ಮ ಹಾಳೆಯಲ್ಲಿ ನನಗೆ ಇನ್ನೊಂದು ಇಷ್ಟವಾಯಿತು. ತೀಡಿನ ಹಿಂದೆಯೂ ತಂಗು ಇದೆ, ಮುಂದೆಯೂ ಇದೆ. ಎಷ್ಟೋ ಜನ ತೀಡನ್ನು ಚೆನ್ನಾಗಿ ಬರೆದು, ಕೊನೆಯ ಭಂಗಿಯನ್ನೂ ಎರಡೇ ಫ್ರೇಮ್ ಇಟ್ಟು ಓಡಿಸಿಬಿಡುತ್ತಾರೆ. ಆಗ ಕಣ್ಣಿಗೆ ಎಲ್ಲಿಂದ ಎಲ್ಲಿಗೆ ಅನ್ನುವುದು ಸಿಗುವುದಿಲ್ಲ. ಏನೋ ತಪ್ಪು ಚಿತ್ರ ನುಗ್ಗಿತು ಅನ್ನಿಸುತ್ತದೆ.

ಆದರೆ ‘ತೀಡು ಒಂದೇ ಫ್ರೇಮ್’ ಅಂತ ಮಕ್ಕಳಿಗೆ ಕಟ್ಟುನಿಟ್ಟು ಮಾಡಬೇಡಿ. ಮಿಕ್ಕದ್ದೆಲ್ಲ ಮೂರು ಫ್ರೇಮಿನ ಚಿತ್ರವಾಗಿದ್ದಾಗ ನಾನು ತೀಡನ್ನು ಎರಡು ಫ್ರೇಮ್ ಇಟ್ಟಿದ್ದೂ ಇದೆ. ಆಕಾರ ಕಣ್ಣಿಗೆ ಬಿತ್ತು, ಬೀಳಲಿ ಅಂತಲೇ ಇಟ್ಟಿದ್ದೆ.

ಅನುಪಮಾ

ಲೀಲಾ ಅವರೇ, ನಾವು ಎರಡನ್ನೂ ಮಾಡಿ ನೋಡಿದೆವು. ಎರಡು ಫ್ರೇಮ್ ಇಟ್ಟಾಗ ಮಕ್ಕಳು ‘ಮಿಸ್, ಕೋಲು ಬಾಳೆಹಣ್ಣಾಯಿತು’ ಎಂದರು. ನಾನು ಸದ್ಯಕ್ಕೆ ಒಂದಕ್ಕೇ ನಿಲ್ಲುತ್ತೇನೆ.

ಪದಗಳಲ್ಲಿ ‘ಎರಡು ಫ್ರೇಮಿನ ಚಿತ್ರ’ ಮತ್ತು ‘ತಂಗು’ ನಮ್ಮ ತರಗತಿಗೆ ಬಂದಾಯಿತು. ‘ತೀಡು’ ಕ್ರಿಯೆಯಾಗಿ ಸಲೀಸಾಗಿ ಬರುತ್ತದೆ, ‘ಇಲ್ಲಿ ಕೋಲನ್ನು ತೀಡು’ ಅಂದರೆ ಸಾಕು. ಆದರೆ ಹಾಳೆಯ ಮೂಲೆಯಲ್ಲಿ ಹೆಸರು ಬರೆಯುವಾಗ ‘ತೀಡು’ ಅಂತ ಬರೆದರೆ ಅಪ್ಪಣೆಯ ಹಾಗೆ ಕಾಣುತ್ತದೆ. ‘ತೀಡುಚಿತ್ರ’ ಅನ್ನಬೇಕೋ, ‘ತೀಡಿಕೆ’ ಅನ್ನಬೇಕೋ? ನಾಗರತ್ನಮ್ಮ, ನಿಮ್ಮ ಕಡೆ ತೀಡಿದ್ದಕ್ಕೆ ಏನಾದರೂ ಹೆಸರಿದೆಯೇ?

ನಾಗರತ್ನಾ

ಕಾಡಿಗೆಗೆ ಹೆಸರಿದೆ, ತೀಡಿದ್ದಕ್ಕೆ ಇಲ್ಲ. ‘ತೀಡಿಕೆ’ ನನ್ನ ಬಾಯಿಗೆ ಹಿತವಾಗಿದೆ. ನಮ್ಮ ಅತ್ತೆಯವರನ್ನು ಕೇಳಿ ಬರೆಯುತ್ತೇನೆ.

ಶ್ರೀನಿವಾಸ

ನನ್ನ ಮತ ‘ತೀಡುಚಿತ್ರ’ಕ್ಕೆ. ‘ತಂಗು’ ಬಗ್ಗೆ ನನಗೆ ಇನ್ನೂ ಸಮಾಧಾನವಿಲ್ಲ, ಬಸ್ಸಿನ ತಂಗುದಾಣವೇ ಕಣ್ಣಿಗೆ ಬರುತ್ತದೆ.